‘ಸಜೆಸ್ಟ್’ ಆದ ಮೇಲೆ ‘ಎಸ್’ ಏಕೆ ಬರುವುದಿಲ್ಲ? ‘ಐ ವಿಶ್ ಐ ವಾಸ್’ ತಪ್ಪೇ?

ಪ್ರಶ್ನೆ: ತುಮಕೂರಿನ ಒಂದು ಕಾರ್ಖಾನೆಯಲ್ಲಿ ಸಭೆಗಳ ನಡಾವಳಿಯನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನದು. ‘ದಿ ಆಡಿಟರ್ ಸಜೆಸ್ಟೆಡ್ ದಟ್ ದ ಸ್ಟೋರ್‌ಕೀಪರ್ ಚೆಕ್ಸ್ ದ ಸ್ಟಾಕ್ ಎವ್ರಿ ವೀಕ್’ ಎಂದು ಬರೆದಿದ್ದೆ. ಅಮೆರಿಕದಲ್ಲಿರುವ ನಮ್ಮ ಕಚೇರಿಯವರು ‘ಚೆಕ್ಸ್’ನ ‘ಎಸ್’ ಹೊಡೆದುಹಾಕಿದರು. ಸ್ಟೋರ್‌ಕೀಪರ್ ಒಬ್ಬನೇ ಅಲ್ಲವೇ, ಏಕವಚನಕ್ಕೆ ‘ಎಸ್’ ಬೇಕಲ್ಲವೇ? ಸರಿ, ‘ಸಜೆಸ್ಟ್’ ಬಂದರೆ ಹೀಗೇ ಇರಬೇಕೆಂದುಕೊಂಡು ಮುಂದಿನ ವರದಿಯಲ್ಲಿ ‘ದ ರೀಡಿಂಗ್ಸ್ ಸಜೆಸ್ಟ್ ದಟ್ ದ ಪಂಪ್ ಬಿ ಫಾಲ್ಟಿ’ ಎಂದು ಬರೆದೆ. ಆಗ ‘ಬಿ’ ತೆಗೆದು ‘ಈಸ್’ ಹಾಕಿದರು! ಇದರ ನಡುವೆ ಮಗಳ ನೋಟ್‌ಬುಕ್ಕಿನಲ್ಲಿ ‘ಐ ವಿಶ್ ಐ ವಾಸ್ ಟಾಲರ್’ ಎಂಬುದನ್ನು ಟೀಚರು ತಪ್ಪೆಂದು ಗುರುತಿಸಿದ್ದಾರೆ. ಇಂಗ್ಲಿಷ್ ಸಿನಿಮಾಗಳಲ್ಲಿ ಹಾಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ಇದಕ್ಕೆಲ್ಲ ಒಂದು ನಿಯಮ ಅಂತ ಇದೆಯೇ?

ಉತ್ತರ: ನಿಮ್ಮ ಕಚೇರಿಯವರು ಮಾಡಿದ ಎರಡು ತಿದ್ದುಪಡಿಗಳೂ ಸರಿಯಾಗಿವೆ, ಮತ್ತು ಅವೆರಡರ ಹಿಂದಿರುವ ಕಾರಣವೂ ಒಂದೇ. ‘ಸಜೆಸ್ಟ್’ ಎಂಬ ಪದ ಬಂದ ಕೂಡಲೇ ಕ್ರಿಯಾಪದ ಬದಲಾಗುತ್ತದೆ ಎಂದು ನೀವು ಊಹಿಸಿದಿರಿ. ನಿಜವಾಗಿ ರೂಪವನ್ನು ನಿರ್ಧರಿಸುವುದು ಆ ಪದವಲ್ಲ, ‘ದಟ್’ ನಂತರದ ಮಾತು ನಡೆದಿರುವ ಸಂಗತಿಯೊಂದನ್ನು ತಿಳಿಸುತ್ತಿದೆಯೋ ಅಥವಾ ನಡೆಯಬೇಕಾದದ್ದನ್ನು ಬಯಸುತ್ತಿದೆಯೋ ಎಂಬುದು. ಆಡಿಟರ್ ಸೂಚಿಸಿದ್ದು ಇನ್ನೂ ನಡೆಯಬೇಕಾದ ಕೆಲಸ, ಆದ್ದರಿಂದ ಅಲ್ಲಿ ‘ಚೆಕ್’. ರೀಡಿಂಗುಗಳು ಸೂಚಿಸಿದ್ದು ಆಗಲೇ ಇರುವ ಸ್ಥಿತಿ, ಆದ್ದರಿಂದ ಇಲ್ಲಿ ‘ಈಸ್’.

ಇಂಗ್ಲಿಷ್ ವ್ಯಾಕರಣದಲ್ಲಿ ಸಬ್‌ಜಂಕ್ಟಿವ್ ಎಂದು ಕರೆಯುವುದು ಇದನ್ನೇ. ಹೆಸರು ಕೇಳಿದರೆ ಏನೋ ದೊಡ್ಡ ಗ್ರಂಥಸ್ಥ ವಿಷಯವೆನಿಸುತ್ತದೆ, ಆದರೆ ಇದಕ್ಕೆ ಬಹಳ ಹತ್ತಿರದ ವ್ಯವಸ್ಥೆಯೊಂದನ್ನು ನೀವು ಕನ್ನಡದಲ್ಲಿ ದಿನವೂ ಬಳಸುತ್ತೀರಿ. ನಮ್ಮ ಶಾಲಾ ವ್ಯಾಕರಣದಲ್ಲಿ ವಿಧ್ಯರ್ಥಕ ಎಂದು ಕಲಿಸುವ ‘ಹೋಗಲಿ, ಮಾಡಲಿ, ಇರಲಿ’ ಎಂಬ ರೂಪಗಳನ್ನು ಗಮನಿಸಿ. ಅವನು ಹೋಗಲಿ, ಅವಳು ಹೋಗಲಿ, ಅದು ಹೋಗಲಿ, ಅವರು ಹೋಗಲಿ. ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ ಎಂದು ಬೇರೆ ಕಡೆ ಲಿಂಗವಚನಗಳಿಗೆ ತಕ್ಕಂತೆ ಹೊರಳುವ ಕ್ರಿಯಾಪದ ಇಲ್ಲಿ ಎಲ್ಲರಿಗೂ ಒಂದೇ ರೂಪದಲ್ಲಿ ನಿಲ್ಲುತ್ತದೆ. ಕಾಲಕ್ಕೂ ಅದು ಬಗ್ಗುವುದಿಲ್ಲ: ‘ಅವಳು ಹೋಗಲಿ ಎಂದು ಹೇಳುತ್ತಾನೆ’, ‘ಅವಳು ಹೋಗಲಿ ಎಂದು ಹೇಳಿದ’, ಎರಡರಲ್ಲೂ ‘ಹೋಗಲಿ’ಯೇ. ಇಂಗ್ಲಿಷಿನ ‘ಹಿ ಸಜೆಸ್ಟೆಡ್ ದಟ್ ಶಿ ಗೋ’ ಎಂಬ ವಾಕ್ಯದಲ್ಲಿ ನಡೆಯುತ್ತಿರುವುದೂ ಅದೇ. ‘ಶಿ’ ಏಕವಚನವಾದರೂ ‘ಗೋಸ್’ ಇಲ್ಲ, ‘ಸಜೆಸ್ಟೆಡ್’ ಭೂತಕಾಲವಾದರೂ ‘ವೆಂಟ್’ ಇಲ್ಲ. ಧಾತು ಬೋಳಾಗಿ ನಿಂತಿದೆ, ಏಕೆಂದರೆ ಅದು ಯಾವ ಕಾಲದ ಸುದ್ದಿಯನ್ನೂ ಹೇಳುತ್ತಿಲ್ಲ.

ನಿಮ್ಮ ಎರಡೂ ವಾಕ್ಯಗಳನ್ನು ಈ ಬೆಳಕಿನಲ್ಲಿ ನೋಡೋಣ. ‘ಸ್ಟೋರ್‌ಕೀಪರ್ ಪ್ರತಿ ವಾರ ದಾಸ್ತಾನು ಪರಿಶೀಲಿಸಲಿ ಎಂದು ಆಡಿಟರ್ ಸೂಚಿಸಿದರು’ ಎಂಬುದು ನೀವು ಹೇಳಬೇಕೆಂದಿದ್ದ ಮಾತು. ‘ಚೆಕ್ಸ್’ ಎಂದು ಬರೆದಾಗ, ಅದರಲ್ಲೂ ಅಮೆರಿಕದ ಓದುಗನಿಗೆ, ಅದು ‘ಸ್ಟೋರ್‌ಕೀಪರ್ ಪ್ರತಿ ವಾರ ಪರಿಶೀಲಿಸುತ್ತಾನೆ ಎಂಬ ಇಂಗಿತವನ್ನು ಆಡಿಟರ್ ಕೊಟ್ಟರು’ ಎಂದು ಕೇಳಿಸುತ್ತದೆ. ಅಂದರೆ ಮಾಡಬೇಕಾದ ಕೆಲಸವು ಆಗಲೇ ರೂಢಿಯಲ್ಲಿದೆ ಎಂದಂತಾಯಿತು. ಲೆಕ್ಕಪರಿಶೋಧಕರು ಕೊರತೆಯೆಂದು ಎತ್ತಿ ತೋರಿಸಿದ್ದನ್ನು ನಡಾವಳಿಯು ‘ನಡೆಯುತ್ತಿದೆ’ ಎಂದು ದಾಖಲಿಸಿದರೆ, ಆರು ತಿಂಗಳ ನಂತರ ಆ ಕಾಗದವನ್ನು ಹಿಡಿದು ಪ್ರಶ್ನೆ ಕೇಳುವವರಿಗೆ ಉತ್ತರ ಕೊಡುವುದು ಕಷ್ಟ. ಇನ್ನು ‘ದ ಪಂಪ್ ಬಿ ಫಾಲ್ಟಿ’ ಎಂಬುದನ್ನು ಕನ್ನಡಕ್ಕೆ ತಂದರೆ ‘ಪಂಪು ಕೆಟ್ಟಿರಲಿ ಎಂದು ರೀಡಿಂಗುಗಳು ಸಲಹೆ ಮಾಡುತ್ತಿವೆ’ ಎಂದಾಗುತ್ತದೆ. ರೀಡಿಂಗುಗಳಿಗೆ ಅಂಥ ದುರಾಸೆ ಇರಲಾರದು.

ಹೀಗಾಗಿ ನಾನು ತರಗತಿಗಳಲ್ಲಿ ಹೇಳಿಕೊಡುವ ಪರೀಕ್ಷೆ ಸರಳವಾದುದು. ‘ದಟ್’ ನಂತರದ ಭಾಗವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ. ಅಲ್ಲಿ ‘-ಲಿ’ ಅಥವಾ ‘-ಬೇಕು’ ಕೂರುವುದಾದರೆ ಧಾತುರೂಪ. ‘ಇದೆ, ಇತ್ತು, ಮಾಡುತ್ತಾನೆ, ಮಾಡಿದ’ ಎಂಬವು ಕೂರುವುದಾದರೆ ಮಾಮೂಲಿನಂತೆ ಕಾಲ ಮತ್ತು ವಚನಕ್ಕೆ ಹೊಂದುವ ರೂಪ. ಇಂಗ್ಲಿಷಿನಲ್ಲೇ ಪರೀಕ್ಷಿಸಬೇಕೆಂದರೆ ಕ್ರಿಯಾಪದದ ಮುಂದೆ ‘ಶುಡ್’ ಸೇರಿಸಿ ನೋಡಬಹುದು. ‘ದ ಸ್ಟೋರ್‌ಕೀಪರ್ ಶುಡ್ ಚೆಕ್’ ಎಂದರೆ ಅರ್ಥ ಕೆಡುವುದಿಲ್ಲ. ‘ದ ಪಂಪ್ ಶುಡ್ ಬಿ ಫಾಲ್ಟಿ’ ಎಂದರೆ ಕೆಡುತ್ತದೆ.

ಈ ಎರಡರ್ಥದ ತೊಡಕು ‘ಸಜೆಸ್ಟ್’ಗಿಂತಲೂ ‘ಇನ್ಸಿಸ್ಟ್’ನಲ್ಲಿ ಹೆಚ್ಚು ಅಪಾಯಕಾರಿ, ಮತ್ತು ನಡಾವಳಿ, ವಿಚಾರಣಾ ವರದಿ, ಶಿಸ್ತುಕ್ರಮದ ಟಿಪ್ಪಣಿ ಬರೆಯುವವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಕಾರ್ಖಾನೆಯೊಂದರಲ್ಲಿ ರಾತ್ರಿ ಕಳ್ಳತನವಾಗಿದೆ ಎಂದಿಟ್ಟುಕೊಳ್ಳಿ. ವರದಿಯಲ್ಲಿ ‘ದ ಸೂಪರ್‌ವೈಸರ್ ಇನ್ಸಿಸ್ಟೆಡ್ ದಟ್ ದ ಗಾರ್ಡ್ ವಾಸ್ ಅಟ್ ದ ಗೇಟ್’ ಎಂದು ಬರೆದರೆ, ಕಾವಲುಗಾರ ಗೇಟಿನಲ್ಲೇ ಇದ್ದನೆಂದು ಸೂಪರ್‌ವೈಸರ್ ಪಟ್ಟುಹಿಡಿದು ಹೇಳಿದರು ಎಂದರ್ಥ. ಅದು ಕಾವಲುಗಾರನ ಪರವಾದ ಸಾಕ್ಷ್ಯ. ‘ವಾಸ್’ ಜಾಗದಲ್ಲಿ ‘ಬಿ’ ಹಾಕಿ, ‘ಇನ್ಸಿಸ್ಟೆಡ್ ದಟ್ ದ ಗಾರ್ಡ್ ಬಿ ಅಟ್ ದ ಗೇಟ್’ ಎಂದರೆ, ಕಾವಲುಗಾರ ಗೇಟಿನಲ್ಲಿ ಇರಲೇಬೇಕೆಂದು ಸೂಪರ್‌ವೈಸರ್ ಮೊದಲೇ ಕಟ್ಟುನಿಟ್ಟಾಗಿ ಹೇಳಿದ್ದರು ಎಂದಾಗುತ್ತದೆ. ಕಾವಲುಗಾರ ಅಲ್ಲಿರಲಿಲ್ಲವಾದರೆ ಈಗ ತಪ್ಪು ಅವನ ಮೇಲೆ ಬರುತ್ತದೆ. ಒಂದು ಪುಟ್ಟ ಪದದ ವ್ಯತ್ಯಾಸದಿಂದ ಒಬ್ಬ ವ್ಯಕ್ತಿಯ ನೌಕರಿಯ ಪ್ರಶ್ನೆ ಆಚೆಯಿಂದ ಈಚೆಗೆ ಹೊರಳಿತು. ಸಬ್‌ಜಂಕ್ಟಿವ್ ಎಂಬುದು ಬರೀ ಅಲಂಕಾರ, ಬಿಟ್ಟರೂ ನಡೆಯುತ್ತದೆ ಎಂದು ವಾದಿಸುವವರಿಗೆ ನಾನು ಕೊಡುವ ಉದಾಹರಣೆ ಇದೇ.

ಇನ್ನೊಂದು ಸೂಕ್ಷ್ಮವಿದೆ. ಈ ಧಾತುರೂಪ ಕಣ್ಣಿಗೆ ಕಾಣುವುದೇ ಕೆಲವು ಕಡೆ ಮಾತ್ರ: ಅವನು, ಅವಳು, ಅದು ಎಂಬ ಪ್ರಥಮ ಪುರುಷ ಏಕವಚನ ಬಂದಾಗ, ‘ಬಿ’ ಧಾತು ಬಂದಾಗ, ಮುಖ್ಯ ಕ್ರಿಯಾಪದ ಭೂತಕಾಲದಲ್ಲಿದ್ದಾಗ, ಮತ್ತು ನಿಷೇಧ ಬಂದಾಗ. ಉಳಿದೆಡೆ ಅದು ಸಾಮಾನ್ಯ ರೂಪದೊಂದಿಗೆ ಬೆರೆತುಹೋಗುತ್ತದೆ. ‘ದ ಮ್ಯಾನೇಜರ್ಸ್ ಇನ್ಸಿಸ್ಟ್ ದಟ್ ದ ವರ್ಕರ್ಸ್ ವೇರ್ ಹೆಲ್ಮೆಟ್ಸ್’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಕಾರ್ಮಿಕರು ಹೆಲ್ಮೆಟ್ ಹಾಕಿಕೊಳ್ಳುತ್ತಾರೆ ಎಂದು ಸಾಧಿಸುತ್ತಿದ್ದಾರೋ, ಹಾಕಿಕೊಳ್ಳಲೇಬೇಕೆಂದು ಒತ್ತಾಯಿಸುತ್ತಿದ್ದಾರೋ? ಬಹುವಚನಕ್ಕೆ ‘ಎಸ್’ ಹೇಗೂ ಇಲ್ಲವಾದ್ದರಿಂದ ವಾಕ್ಯ ಎರಡನ್ನೂ ಹೇಳುತ್ತದೆ. ಇಂಥ ಕಡೆ ಎಷ್ಟೇ ವ್ಯಾಕರಣ ಗೊತ್ತಿದ್ದರೂ ಪ್ರಯೋಜನವಿಲ್ಲ. ‘ಮಸ್ಟ್ ವೇರ್’ ಎಂದು ಬಿಡಿಸಿ ಬರೆಯುವುದೇ ದಾರಿ.

ನಿಷೇಧದ ಬಗ್ಗೆ ಒಂದು ಮಾತು, ಏಕೆಂದರೆ ಬಹಳ ಮಂದಿ ಎಡವುವುದು ಅಲ್ಲಿ. ‘ಅವಳು ಬಿಲ್ಲಿಗೆ ಸಹಿ ಮಾಡದಿರಲಿ ಎಂದು ಸೂಚಿಸಿದರು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ದೆ ಸಜೆಸ್ಟೆಡ್ ದಟ್ ಶಿ ನಾಟ್ ಸೈನ್ ದ ಬಿಲ್’. ಇಲ್ಲಿ ‘ಡಸ್ ನಾಟ್’ ಬರುವುದಿಲ್ಲ, ‘ಡೋಂಟ್’ ಕೂಡ ಬರುವುದಿಲ್ಲ. ‘ನಾಟ್’ ಒಂದೇ ಧಾತುವಿನ ಮುಂದೆ ಕೂರುತ್ತದೆ. ನಮ್ಮ ಕಿವಿಗೆ ಇದು ಮುರುಕು ಇಂಗ್ಲಿಷಿನಂತೆ ಕೇಳಿಸುತ್ತದೆ ಎಂಬುದು ನಿಜ. ಕಿವಿ ಒಪ್ಪದಿದ್ದರೆ ‘ಶುಡ್ ನಾಟ್ ಸೈನ್’ ಎಂದು ಬರೆಯಿರಿ, ಯಾರೂ ತಪ್ಪೆನ್ನುವುದಿಲ್ಲ.

ಹಾಗಾದರೆ ‘ಶುಡ್’ ಹಾಕಿ ಬರೆಯುವುದನ್ನೇ ಶಾಲೆಯಲ್ಲಿ ಕಲಿಸಿದರಲ್ಲ, ಅದು ಈಗ ಹಳತಾಯಿತೇ ಎಂಬ ಸಂಶಯ ನಿಮಗೆ ಬರಬಹುದು. ಇಲ್ಲ. ನಮ್ಮ ಶಾಲೆಗಳಿಗೆ ಬಂದದ್ದು ಬ್ರಿಟನ್ನಿನ ವ್ಯಾಕರಣ ಸಂಪ್ರದಾಯ, ಮತ್ತು ಬ್ರಿಟನ್ನಿನಲ್ಲಿ ‘ಸಜೆಸ್ಟೆಡ್ ದಟ್ ಶಿ ಶುಡ್ ಗೋ’ ಎಂಬುದೇ ಬಹುಕಾಲ ರೂಢಿಯಲ್ಲಿತ್ತು. 1961ರಲ್ಲಿ ಅಚ್ಚಾದ ಬರಹಗಳಿಂದ ಆಯ್ದು, ಅಮೆರಿಕದ್ದೊಂದು ಬ್ರಿಟನ್ನಿನದ್ದೊಂದು ಎಂಬಂತೆ ತಲಾ ಹತ್ತು ಲಕ್ಷ ಪದಗಳ ಎರಡು ಸಂಗ್ರಹಗಳನ್ನು ಭಾಷಾವಿಜ್ಞಾನಿಗಳು ಕಟ್ಟಿದ್ದಾರೆ. ಮೊದಲನೆಯದು ಬ್ರೌನ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾಯಿತು. ಎರಡನೆಯದರಲ್ಲಿ ಲ್ಯಾಂಕಾಸ್ಟರ್, ಓಸ್ಲೋ ಮತ್ತು ಬರ್ಗೆನ್ ವಿದ್ವಾಂಸರ ಕೈಯಿದೆ. ಅವೆರಡನ್ನು ಪಕ್ಕಪಕ್ಕ ಇಟ್ಟು ಹೋಲಿಸಿದಾಗ, ಇಂಥ ಸಂದರ್ಭಗಳಲ್ಲಿ ಅಮೆರಿಕದವರು ಬಹುಪಾಲು ಬೋಳು ಧಾತುವನ್ನೂ ಬ್ರಿಟಿಷರು ಬಹುಪಾಲು ‘ಶುಡ್’ ಅನ್ನೂ ಬಳಸಿದ್ದು ಸ್ಪಷ್ಟವಾಗಿ ಕಂಡಿತು. ಆಮೇಲಿನ ದಶಕಗಳಲ್ಲಿ ಧಾತುರೂಪ ಬ್ರಿಟನ್ನಿನ ಬರವಣಿಗೆಯಲ್ಲೂ ಹೆಚ್ಚುತ್ತ ಬಂದಿದೆ. ಸಬ್‌ಜಂಕ್ಟಿವ್ ಸಾಯುತ್ತಿದೆ ಎಂಬ ಮಾತು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಕೇಳಿಬರುತ್ತಿದೆ. ಆದರೆ ‘ಸಜೆಸ್ಟ್’, ‘ಡಿಮ್ಯಾಂಡ್’, ‘ರೆಕಮೆಂಡ್’ಗಳ ನಂತರದ ಈ ರೂಪ ಸಾಯುವ ಬದಲು ಅಮೆರಿಕದಲ್ಲಿ ಚೇತರಿಸಿಕೊಂಡು ಹೊರಗೂ ಹರಡಿತು.

ನಿಮ್ಮ ಮುಂದಿರುವ ಆಯ್ಕೆಗಳನ್ನು ಈಗ ನೋಡಬಹುದು. ಓದುವವರು ಅಮೆರಿಕದವರಾದರೆ ‘ದ ಸ್ಟೋರ್‌ಕೀಪರ್ ಚೆಕ್ ದ ಸ್ಟಾಕ್’ ಎಂಬುದೇ ಅವರಿಗೆ ಸಹಜ. ಇದರ ಅಪಾಯವೆಂದರೆ, ನಿಮ್ಮ ಕಡತವನ್ನು ಇಲ್ಲಿ ನೋಡುವ ಮೇಲಧಿಕಾರಿ ‘ಎಸ್’ ಬಿಟ್ಟುಹೋಗಿದೆಯೆಂದು ಪೆನ್ನು ಹಿಡಿದು ಸೇರಿಸಿಬಿಡಬಹುದು. ಹೀಗೆ ಸರಿಯಿದ್ದದ್ದು ಅಂತಿಮ ಪ್ರತಿಯಲ್ಲಿ ತಪ್ಪಾದುದನ್ನು ನಾನು ಬಹಳ ಸಲ ಕಂಡಿದ್ದೇನೆ. ಎರಡೂ ಕಡೆ ಓದುವವರಿದ್ದರೆ ‘ಶುಡ್ ಚೆಕ್’ ಎಂಬುದು ಎಲ್ಲಿಯೂ ತಪ್ಪೆನಿಸದ ರೂಪ. ಅದಕ್ಕಿರುವ ಏಕೈಕ ಕೊರತೆ ಎಂದರೆ ‘ಡಿಮ್ಯಾಂಡ್’, ‘ಆರ್ಡರ್’ನಂಥ ಗಟ್ಟಿ ಪದಗಳ ಜೊತೆ ಅಮೆರಿಕದ ಕಿವಿಗೆ ಅದು ಸ್ವಲ್ಪ ಮೆತ್ತಗೆ ಕೇಳಿಸಬಹುದು. ಬ್ರಿಟನ್ನಿನ ಮಾತಿನಲ್ಲಿ ‘ಸಜೆಸ್ಟೆಡ್ ದಟ್ ಶಿ ವೆಂಟ್’ ಎಂಬ ಮೂರನೆಯ ಬಗೆಯೂ ಇದೆ. ಅಲ್ಲಿಯವರಿಗೆ ಅದು ತಪ್ಪಲ್ಲ, ಆದರೆ ಅವಳು ಹೋದಳೆಂಬ ಸುದ್ದಿಯೋ ಹೋಗಲೆಂಬ ಸಲಹೆಯೋ ಎಂಬುದು ಸಂದರ್ಭದಿಂದಲೇ ತಿಳಿಯಬೇಕಾಗುತ್ತದೆ. ದಾಖಲೆಯಾಗಿ ಉಳಿಯುವ ಬರಹಕ್ಕೆ ನಾನು ಅದನ್ನು ಎಂದೂ ಸಲಹೆ ಮಾಡುವುದಿಲ್ಲ.

‘ದಿ ಆಡಿಟರ್ ಸಜೆಸ್ಟೆಡ್ ಚೆಕಿಂಗ್ ದ ಸ್ಟಾಕ್’ ಎಂದು ‘-ಇಂಗ್’ ರೂಪದಲ್ಲಿ ಬರೆದು ಪಾರಾಗುವ ಉಪಾಯ ಹಲವರಿಗೆ ಪ್ರಿಯ. ವ್ಯಾಕರಣ ಸರಿಯಾಗಿದೆ, ಆದರೆ ಪರಿಶೀಲಿಸಬೇಕಾದವರು ಯಾರೆಂಬುದೇ ಮಾಯವಾಗುತ್ತದೆ. ನಡಾವಳಿಯಲ್ಲಿ ಮುಖ್ಯವಾದದ್ದೇ ಅದಲ್ಲವೇ? ಇನ್ನು ನಮ್ಮಲ್ಲಿ ಅತಿ ಹೆಚ್ಚಾಗಿ ಕಾಣುವ ‘ಸಜೆಸ್ಟೆಡ್ ದ ಸ್ಟೋರ್‌ಕೀಪರ್ ಟು ಚೆಕ್’ ಎಂಬುದನ್ನು ಮಾತ್ರ ಬಿಟ್ಟೇಬಿಡಬೇಕು. ‘ಸ್ಟೋರ್‌ಕೀಪರಿಗೆ ಪರಿಶೀಲಿಸಲು ಸೂಚಿಸಿದರು’ ಎಂಬ ನಮ್ಮ ವಾಕ್ಯದ ಅಚ್ಚು ಅಲ್ಲಿ ಇಳಿದಿದೆ. ‘ಅಡ್ವೈಸ್ಡ್’, ‘ಆಸ್ಕ್ಡ್’, ‘ಟೋಲ್ಡ್’, ‘ಇನ್‌ಸ್ಟ್ರಕ್ಟೆಡ್’ ಎಂಬ ಕ್ರಿಯಾಪದಗಳು ಆ ಅಚ್ಚನ್ನು ಒಪ್ಪುತ್ತವೆ. ‘ಸಜೆಸ್ಟ್’, ‘ಇನ್ಸಿಸ್ಟ್’, ‘ಡಿಮ್ಯಾಂಡ್’ ಒಪ್ಪುವುದಿಲ್ಲ. ಆದ್ದರಿಂದ ಕನ್ನಡದ ಅಚ್ಚಿನಲ್ಲೇ ಬರೆಯಬೇಕೆನಿಸಿದರೆ ಕ್ರಿಯಾಪದವನ್ನು ಬದಲಿಸಿ ‘ಅಡ್ವೈಸ್ಡ್ ದ ಸ್ಟೋರ್‌ಕೀಪರ್ ಟು ಚೆಕ್’ ಎನ್ನಿ.

ಕಂಪನಿಯ ಕಡತಗಳೊಡನೆ ಒಡನಾಟವಿರುವ ನಿಮಗೆ ಇನ್ನೊಂದು ವಾಕ್ಯ ಪರಿಚಿತವಿರಬೇಕು. ನಮ್ಮ ದೇಶದ ಕಂಪನಿಗಳ ಆಡಳಿತ ಮಂಡಳಿಯ ನಿರ್ಣಯಗಳಲ್ಲಿ ‘ರಿಸಾಲ್ವ್ಡ್ ದಟ್’ ಎಂದು ಆರಂಭವಾಗಿ, ಇಂಥವರು ‘ಬಿ ಅಂಡ್ ಈಸ್ ಹಿಯರ್‌ಬೈ ಅಪಾಯಿಂಟೆಡ್’ ಎಂದು ಮುಂದುವರಿಯುತ್ತದೆ. ‘ಬಿ’ ಮತ್ತು ‘ಈಸ್’ ಎರಡನ್ನೂ ಏಕೆ ಹಾಕುತ್ತಾರೆ, ಯಾರೋ ಅಳಿಸಲು ಮರೆತರೇ ಎಂದು ಹೊಸಬರು ಕೇಳುವುದುಂಟು. ಮೊದಲನೆಯದು ‘ನೇಮಕವಾಗಲಿ’ ಎಂಬ ಮಂಡಳಿಯ ಸಂಕಲ್ಪ, ಎರಡನೆಯದು ‘ಈ ಮೂಲಕ ನೇಮಕವಾಯಿತು’ ಎಂಬ ಸಂಗತಿ. ಇಲ್ಲಿಯವರೆಗೆ ನಾನು ಬೇರೆ ಬೇರೆ ಮಾಡಿ ತೋರಿಸಿದ ಎರಡು ರೂಪಗಳೂ ಒಂದೇ ಸಾಲಿನಲ್ಲಿ ಕೈಹಿಡಿದು ನಿಂತಿವೆ. ನಿರ್ಣಯಗಳಲ್ಲಿ ಇದನ್ನು ತಿದ್ದಲು ಹೋಗಬೇಡಿ. ಬಹುವಚನ ಬಂದರೆ ‘ಬಿ ಅಂಡ್ ಆರ್’ ಎಂದಾಗುತ್ತದೆ, ಅಂದರೆ ‘ಈಸ್’ ಮಾತ್ರ ಬದಲಾಗುತ್ತದೆ, ‘ಬಿ’ ಹಾಗೆಯೇ ಉಳಿಯುತ್ತದೆ.

ಇನ್ನು ಮಗಳ ನೋಟ್‌ಬುಕ್ಕಿನ ವಿಷಯ. ‘ವಿಶ್’ ನಂತರ ಬರುವ ‘ವರ್’ ಕೂಡ ಸಬ್‌ಜಂಕ್ಟಿವ್ ಎಂದೇ ಕರೆಸಿಕೊಳ್ಳುತ್ತದೆ, ಆದರೆ ಅದರ ಸ್ವಭಾವ ಬೇರೆ. ‘ಸಜೆಸ್ಟ್’ ನಂತರದ ರೂಪ ಇನ್ನೂ ಆಗಬಹುದಾದದ್ದನ್ನು ಬಯಸುತ್ತದೆ. ‘ವಿಶ್’ ನಂತರದ ರೂಪ, ವಾಸ್ತವ ಹಾಗಿಲ್ಲ ಎಂದು ಗೊತ್ತಿದ್ದೇ ಹಂಬಲಿಸುತ್ತದೆ. ಹಾಗಿಲ್ಲ ಎಂಬುದನ್ನು ತೋರಿಸಲು ಇಂಗ್ಲಿಷು ಕ್ರಿಯಾಪದವನ್ನು ಒಂದು ಹೆಜ್ಜೆ ಭೂತಕಾಲದತ್ತ ಸರಿಸುತ್ತದೆ. ‘ಐ ವಿಶ್ ಶಿ ಲಿವ್ಡ್ ನಿಯರ್ ಅಸ್’ ಎಂದರೆ ಅವಳು ಹಿಂದೆ ಹತ್ತಿರವಿದ್ದಳು ಎಂದಲ್ಲ. ಈಗ ಹತ್ತಿರವಿಲ್ಲ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು. ನಮ್ಮ ‘ಇದ್ದಿದ್ದರೆ ಚೆನ್ನಾಗಿರುತ್ತಿತ್ತು’ ಎಂಬಲ್ಲಿಯೂ ಭೂತಕಾಲದ ರೂಪವೇ ಇದೆ, ಮಾತು ಮಾತ್ರ ಇವತ್ತಿನದು. ಹಂಬಲವೇ ಹಿಂದಿನ ಸಂಗತಿಯ ಬಗ್ಗೆ ಇದ್ದರೆ ಇನ್ನೂ ಒಂದು ಹೆಜ್ಜೆ ಹಿಂದೆ ಸರಿಯಬೇಕು: ‘ಐ ವಿಶ್ ಐ ಹ್ಯಾಡ್ ಟೇಕನ್ ದ ಬಸ್’, ಅಂದರೆ ಅಂದು ಬಸ್ಸು ಹಿಡಿಯಲಿಲ್ಲ, ಹಿಡಿದಿದ್ದರೆ ಒಳ್ಳೆಯದಿತ್ತು.

‘ಐ ವಿಶ್ ಐ ವರ್’ ಎಂಬುದರ ಬಗ್ಗೆ ಎರಡು ತಪ್ಪು ನಂಬಿಕೆಗಳಿವೆ, ಮತ್ತು ಅವು ಒಂದಕ್ಕೊಂದು ಎದುರು ನಿಂತಿವೆ. ‘ವರ್’ ಬಹುವಚನ, ಅದನ್ನು ‘ಐ’ ಜೊತೆ ಬಳಸುವುದು ವಿಚಿತ್ರ ಅಪವಾದ ಎಂಬುದು ಒಂದು. ಹಳೆಯ ಇಂಗ್ಲಿಷಿನಲ್ಲಿ ‘ನಾನು ಇದ್ದೆ’ ಎಂಬ ಸಂಗತಿಗೆ ‘ವ್ಯಾಸ್’ ಎಂಬಂಥ ಒಂದು ರೂಪವೂ, ‘ನಾನು ಇದ್ದಿದ್ದರೆ’ ಎಂಬ ಕಲ್ಪನೆಗೆ ‘ವ್ಯಾರೆ’ ಎಂಬಂಥ ಬೇರೊಂದು ಏಕವಚನ ರೂಪವೂ ಇದ್ದವು. ಇಂದಿನ ‘ಐ ವಿಶ್ ಐ ವರ್’ ಎಂಬಲ್ಲಿರುವುದು ಆ ಎರಡನೆಯದರ ಉಳಿಕೆ. ಬಹುವಚನದ ‘ವರ್’ ಜೊತೆ ಅದು ಧ್ವನಿಯಲ್ಲಿ ಒಂದಾಗಿ ಹೋಯಿತು, ಅಷ್ಟೆ. ಮಿಕ್ಕ ಕ್ರಿಯಾಪದಗಳಲ್ಲಿ ಪ್ರತ್ಯಯಗಳು ಸವೆದು ಎರಡು ರೂಪಗಳ ವ್ಯತ್ಯಾಸವೇ ಅಳಿಸಿಹೋಯಿತು. ಹೀಗಾಗಿ ‘ಲಿವ್ಡ್’ನಲ್ಲಿ ಕಾಣದ ಭೇದ ‘ಬಿ’ ಧಾತುವಿನಲ್ಲಿ ಮಾತ್ರ ಉಳಿದುಕೊಂಡಿದೆ.

‘ಐ ವಿಶ್ ಐ ವಾಸ್’ ಎನ್ನುವವರು ಇಂಗ್ಲಿಷ್ ಬಾರದವರು ಎಂಬುದು ಇನ್ನೊಂದು ನಂಬಿಕೆ. ಇದೂ ಸರಿಯಲ್ಲ. ಭೇದವೆಲ್ಲ ಅಳಿದು ಒಂದೇ ಕಡೆ ಉಳಿದಾಗ, ಅಲ್ಲಿಯೂ ಅದು ಅಳಿಯತೊಡಗುವುದು ಭಾಷೆಯ ಸಹಜ ನಡೆ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳ ವಿದ್ಯಾವಂತರು ಕೆಲವು ಶತಮಾನಗಳಿಂದ ಮಾತಿನಲ್ಲಿ ‘ವಾಸ್’ ಬಳಸುತ್ತಿದ್ದಾರೆ, ಮತ್ತು ಇಂದಿನ ದೊಡ್ಡ ವ್ಯಾಕರಣ ಗ್ರಂಥಗಳು ಅದನ್ನು ಆಡುಮಾತಿನ ರೂಪವೆಂದು ಒಪ್ಪಿವೆ. ನೀವು ಸಿನಿಮಾದಲ್ಲಿ ಕೇಳಿದ್ದು ನಿಜ, ಟೀಚರು ತಿದ್ದಿದ್ದೂ ಅಕಾರಣವಲ್ಲ. ಪರೀಕ್ಷೆ, ಅರ್ಜಿ, ಪ್ರಬಂಧಗಳಲ್ಲಿ ‘ವರ್’ ಬರೆದರೆ ಅಂಕ ಕಳೆದುಕೊಳ್ಳುವ ಭಯವಿಲ್ಲ. ‘ವಾಸ್’ ಬರೆದರೆ ಮೌಲ್ಯಮಾಪಕರ ಮರ್ಜಿಗೆ ಬಿದ್ದಂತೆ. ಮಗಳಿಗೆ ‘ವಾಸ್ ತಪ್ಪು’ ಎಂದು ಹೇಳುವ ಬದಲು ‘ಬರೆಯುವಾಗ ವರ್, ಮಾತಿನಲ್ಲಿ ಎರಡೂ’ ಎಂದು ಹೇಳಿಕೊಡಿ. ಟೀಚರ ಹತ್ತಿರ ವಾದಕ್ಕೆ ಹೋಗುವಷ್ಟು ದೊಡ್ಡ ಸಂಗತಿ ಇದಲ್ಲ.

ನನ್ನ ಅನುಭವದಲ್ಲಿ ನಮ್ಮವರ ‘ವಿಶ್’ ವಾಕ್ಯಗಳು ಕೆಡುವುದು ‘ವಾಸ್’, ‘ವರ್’ಗಳಿಂದಲ್ಲ, ‘ವಿಲ್’ನಿಂದ. ‘ಐ ವಿಶ್ ಯು ವಿಲ್ ಕಮ್ ಟು ದ ಫಂಕ್ಷನ್’ ಎಂದು ಆಮಂತ್ರಣಗಳಲ್ಲಿ, ‘ಐ ವಿಶ್ ಯು ವಿಲ್ ಕನ್ಸಿಡರ್ ಮೈ ರಿಕ್ವೆಸ್ಟ್’ ಎಂದು ಅರ್ಜಿಗಳಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಆಗಬಹುದೆಂಬ ನಿರೀಕ್ಷೆಯಿದ್ದರೆ ಇಂಗ್ಲಿಷಿನಲ್ಲಿ ‘ಹೋಪ್’ ಬರಬೇಕು: ‘ಐ ಹೋಪ್ ಯು ವಿಲ್ ಕಮ್’. ತಿದ್ದಲು ಹೋಗಿ ‘ವಿಲ್’ ಅನ್ನು ‘ವುಡ್’ ಮಾಡಿದರೆ ವ್ಯಾಕರಣ ಸರಿಯಾಗುತ್ತದೆ, ಅರ್ಥ ಮಾತ್ರ ಹುಳಿಯಾಗುತ್ತದೆ. ‘ಐ ವಿಶ್ ಯು ವುಡ್ ಕಮ್ ಆನ್ ಟೈಮ್’ ಎಂಬುದು ‘ನೀವು ಸ್ವಲ್ಪ ಹೊತ್ತಿಗೆ ಸರಿಯಾಗಿ ಬಂದಿದ್ದರೆ!’ ಎಂಬ ಅಸಮಾಧಾನದ ಮಾತು. ಬರುವುದಿಲ್ಲವೆಂಬ ಬೇಸರ ಅದರೊಳಗೆ ಅಡಗಿದೆ. ಅದನ್ನು ಮದುವೆಯ ಕರೆಯೋಲೆಯಲ್ಲಿ ಬರೆಯಬಾರದು, ಮೇಲಧಿಕಾರಿಗೆ ಕಳಿಸುವ ಮೇಲ್‌ನಲ್ಲಂತೂ ಬೇಡ. ‘ಐ ವಿಶ್ ಟು ಇನ್‌ಫಾರ್ಮ್ ಯು’, ‘ವಿ ವಿಶ್ ಯು ಎ ಹ್ಯಾಪಿ ದೀಪಾವಳಿ’ ಎಂಬವಕ್ಕೂ ಈ ಚರ್ಚೆಗೂ ಸಂಬಂಧವಿಲ್ಲ. ಅಲ್ಲಿ ‘ವಿಶ್’ ನಂತರ ಉಪವಾಕ್ಯವೇ ಇಲ್ಲ.

ಕೊನೆಯದಾಗಿ, ‘ವರ್’ ಕಲಿತ ಹೊಸದರಲ್ಲಿ ಬರುವ ಒಂದು ರೋಗದ ಬಗ್ಗೆ ಮುಂಚಿತವಾಗಿ ಹೇಳಿಬಿಡುತ್ತೇನೆ, ಏಕೆಂದರೆ ‘ಪಂಪ್ ಬಿ ಫಾಲ್ಟಿ’ ಎಂಬ ನಿಮ್ಮ ವಾಕ್ಯದಲ್ಲಿ ಅದರ ಲಕ್ಷಣ ಕಾಣುತ್ತಿದೆ. ‘ಇಫ್’ ಕಂಡಲ್ಲೆಲ್ಲ ‘ವರ್’ ಹಾಕುವ ಅಭ್ಯಾಸ ಅದು. ‘ಇಫ್ ಐ ವರ್ ದ ಮ್ಯಾನೇಜರ್’ ಸರಿ, ಏಕೆಂದರೆ ನಾನು ಮ್ಯಾನೇಜರ್ ಅಲ್ಲ. ಆದರೆ ‘ದೆ ಆಸ್ಕ್ಡ್ ಮಿ ಇಫ್ ದ ಸ್ಟೋರ್‌ಕೀಪರ್ ವಾಸ್ ಆನ್ ಲೀವ್’ ಎಂಬಲ್ಲಿ ‘ವಾಸ್’ ಅನ್ನು ಮುಟ್ಟಬಾರದು. ಅಲ್ಲಿ ಕಲ್ಪನೆಯೇನೂ ಇಲ್ಲ, ಸ್ಟೋರ್‌ಕೀಪರ್ ರಜೆಯ ಮೇಲಿದ್ದನೋ ಇಲ್ಲವೋ ಎಂದು ಅವರು ಕೇಳಿದರು, ಅಷ್ಟೆ. ಹಾಗೆಯೇ ‘ಇಫ್ ಹಿ ವಾಸ್ ಇನ್ ದ ಗೋಡೌನ್ ಯೆಸ್ಟರ್‌ಡೇ, ಹಿಸ್ ನೇಮ್ ವಿಲ್ ಬಿ ಇನ್ ದ ರಿಜಿಸ್ಟರ್’ ಎಂಬ ವಾಕ್ಯದಲ್ಲೂ ‘ವಾಸ್’ ಇರಬೇಕು, ಏಕೆಂದರೆ ನಿನ್ನೆ ಅವನು ಗೋದಾಮಿನಲ್ಲಿ ನಿಜವಾಗಿಯೂ ಇದ್ದಿರಬಹುದು. ರಿಜಿಸ್ಟರ್ ತೆರೆದು ನೋಡಿದರೆ ಗೊತ್ತಾಗುತ್ತದೆ.